ಪ್ಯಾಕೆಟ್ ಫೋಟೊ ನೋಡಿ ಮಾಸ್ಕ್ ಯಾವ ದರ್ಜೆಯದ್ದು ಅಂತ ಹೇಳೋಕಾಗುತ್ತಾ? ಎರಡು ಡಬ್ಬ ಇಟ್ಕೊಂಡು ಕೂತಿದ್ದೀನಿ

ಬೆಳ್ಳಿಚುಕ್ಕಿ
ನಮಸ್ಕಾರ ಎಲ್ಲರಿಗೂ. ಅಪ್ಪನಿಗೆ ಶ್ವಾಸಕೋಶದ ಫೈಬ್ರೋಸಿಸ್ ಇದೆ. ಈಗ ರೋಗನಿರೋಧಕ ಶಕ್ತಿ ತಗ್ಗಿಸೋ ಮಾತ್ರೆ ಶುರುವಾಗಿದೆ. ಜನ ಸೇರೋ ಕಡೆ ಹೋಗುವಾಗ ಎನ್95 ಅಥವಾ ಎಫ್‌ಎಫ್‌ಪಿ2 ಹಾಕಿಸಿ, ಮಾಮೂಲಿ ಸರ್ಜಿಕಲ್ ಮಾಸ್ಕ್ ಸಾಲದು ಅಂತ ಡಾಕ್ಟರು ಹೇಳಿದ್ದಾರೆ. ನನ್ನ ತಮ್ಮ ಆನ್‌ಲೈನಲ್ಲಿ ಎರಡು ಡಬ್ಬ ತರಿಸಿದ. ಎರಡೂ ಒಂದೇ ಅಂತಾನೆ. ನನಗೆ ಹಾಗನ್ನಿಸ್ತಿಲ್ಲ.

ಮೊದಲನೇದು ಬಿಳಿ, ಮಧ್ಯಕ್ಕೆ ಮಡಚೋ ಥರದ್ದು, ಕಿವಿಗೆ ಹಾಕೋ ಎಲಾಸ್ಟಿಕ್. ಡಬ್ಬದ ಮೇಲೆ ಇದ್ದದ್ದನ್ನ ಹಾಗೇ ಹಾಕ್ತಿದ್ದೀನಿ:

```
KN95 / FFP2  PROTECTIVE MASK
5-LAYER   BFE ≥ 99%
CE   FDA
EN 14683   GB2626-2006
```

ಎರಡನೇದು ನೀಲಿ, ನೆರಿಗೆ ನೆರಿಗೆ ಇರೋದು:

```
Medical Face Mask   Type IIR
EN 14683:2019+AC:2019
CE   MD
```

ಮೊದಲನೇದರ ಮೇಲೆ ಜಾಸ್ತಿ ಬರೆದಿದ್ದಾರೆ, ಹಾಗಾಗಿ ಅದೇ ಒಳ್ಳೇದಿರಬೇಕು ಅಂದ್ಕೊಂಡಿದ್ದೆ. ಸರೀನಾ? ಫೋಟೊ ನಾಲ್ಕು ಹಾಕಿದ್ದೀನಿ.

ಸುಮ್ನೆಓದುಗ
ಜಾಸ್ತಿ ಬರೆದಷ್ಟೂ ಅನುಮಾನ ಜಾಸ್ತಿ ಅಂತ ನನ್ನ ಸೂತ್ರ. ಮದುವೆ ಕಾರ್ಡಿಗೂ ಅನ್ವಯಿಸುತ್ತೆ.

ಕಡ್ಡಿಪೈಲ್ವಾನ್
ಮೊದಲನೇದು ಡೂಪ್ಲಿಕೇಟ್, ಕಣ್ಣು ಮುಚ್ಕೊಂಡು ಹೇಳ್ತೀನಿ. ಕಿವಿಗೆ ಹಾಕೋದು ಯಾವುದೂ ಅಸಲಿ ಅಲ್ಲ. ಅಸಲಿ ಅಂದ್ರೆ ತಲೆ ಹಿಂದೆ ಎರಡು ಪಟ್ಟಿ ಇರಲೇಬೇಕು. ಇನ್ನು ಆ ಸಿಇ ಅಂದ್ರೆ ಚೈನಾ ಎಕ್ಸ್‌ಪೋರ್ಟ್. ಎರಡು ಅಕ್ಷರ ಹತ್ತಿರ ಇದ್ರೆ ಚೈನಾ, ದೂರ ಇದ್ರೆ ಯುರೋಪ್. ಇಷ್ಟೇ ವಿಷಯ.

ನೂರಕ್ಕೆನೂರು
ಅಷ್ಟು ಅವಸರ ಬೇಡ ಗುರು. ಮೊದಲನೇದರಲ್ಲಿ ಬಿಎಫ್‌ಇ 99 ಇದೆ. ಎನ್95 ತಡೆಯೋದು 95 ಮಾತ್ರ. 99 ದೊಡ್ಡದಾ, 95 ದೊಡ್ಡದಾ? ಹಾಗೆ ನೋಡಿದ್ರೆ ನೀಲಿದೂ ಎನ್95ಗಿಂತ ಮೇಲೇನೇ, ಟೈಪ್ 2ಆರ್‌ಗೆ 98 ಇರಲೇಬೇಕು.

ಮೂಗುದಾರ
ಹನ್ನೊಂದು ವರ್ಷ ಕಾರ್ಖಾನೆ ಸುರಕ್ಷತೆಯಲ್ಲಿ ಕೆಲಸ ಮಾಡಿದ್ದೀನಿ. ಜನರ ಮುಖಕ್ಕೆ ಮಾಸ್ಕ್ ಹಾಕಿಸಿ ಸೋರುತ್ತಾ ಅಂತ ಅಳೆಯೋದೇ ಅರ್ಧ ಕೆಲಸವಾಗಿತ್ತು. ಬೆಳ್ಳಿಚುಕ್ಕಿಯವರೇ, ನಿಮ್ಮ ಅನುಮಾನ ಸರಿ. ನಿಮ್ಮ ತಮ್ಮ ಹೇಳಿದ ಹಾಗೆ ಎರಡೂ ಒಂದೇ ಅಲ್ಲ. ಆದರೆ ನೀವು ಅಂದ್ಕೊಂಡಿದ್ದೂ ಸರಿಯಿಲ್ಲ. ಎರಡರಲ್ಲಿ ಪ್ರಾಮಾಣಿಕವಾಗಿ ಕಾಣ್ತಿರೋದು ನೀಲಿದು.

ಮೊದಲ ಡಬ್ಬದಲ್ಲಿ ನಾನು ಮೊದಲು ನೋಡೋದು ಇಎನ್ ಮುಂದಿನ ಅಂಕಿ. ಎಫ್‌ಎಫ್‌ಪಿ2 ಅನ್ನೋ ದರ್ಜೆ ಹುಟ್ಟೋದೇ ಇಎನ್ 149 ಅನ್ನೋ ಮಾನದಂಡದಿಂದ. ನಿಮ್ಮ ಡಬ್ಬ ಎಫ್‌ಎಫ್‌ಪಿ2 ಅಂತ ಹೇಳ್ಕೊಂಡು, ಪಕ್ಕದಲ್ಲಿ 14683 ಅಂತ ಬರೆದಿದೆ. ಅದು ಸರ್ಜಿಕಲ್ ಮಾಸ್ಕಿನ ಮಾನದಂಡ. ಲಾರಿ ಓಡಿಸ್ತೀನಿ ಅಂತ ಹೇಳಿ ಬೈಕ್ ಲೈಸೆನ್ಸ್ ತೋರಿಸಿದ ಹಾಗೆ. ಬೈಕ್ ಲೈಸೆನ್ಸ್ ನಕಲಿ ಅಂತ ನಾನು ಹೇಳ್ತಿಲ್ಲ, ಅದು ಈ ಕೆಲಸಕ್ಕೆ ಸಂಬಂಧ ಇಲ್ಲ ಅಷ್ಟೆ.

ಆಮೇಲೆ ಸಿಇ. ಯುರೋಪಿನ ಕಾನೂನಲ್ಲಿ ಎಫ್‌ಎಫ್‌ಪಿ2 ಜೀವಕ್ಕೆ ಅಪಾಯ ಇರೋ ಕಡೆ ಬಳಸೋ ರಕ್ಷಣಾ ಸಾಧನ, ಮೂರನೇ ವರ್ಗದ್ದು. ತಯಾರಕ ತಾನೇ ಸಿಇ ಒತ್ತಿಕೊಳ್ಳೋ ಹಾಗಿಲ್ಲ. ಹೊರಗಿನ ಮಾನ್ಯತೆ ಪಡೆದ ಸಂಸ್ಥೆಯೊಂದು ಉತ್ಪಾದನೆ ಮೇಲೆ ಕಣ್ಣಿಟ್ಟಿರಬೇಕು, ಅದರ ನಾಲ್ಕಂಕಿ ನಂಬರು ಸಿಇ ಪಕ್ಕದಲ್ಲೇ ಇರಬೇಕು. ನಿಮ್ಮ ಫೋಟೊದಲ್ಲಿ ಬರೀ ಸಿಇ ಇದೆ, ಅಂಕಿ ಇಲ್ಲ.

ಸರ್ಜಿಕಲ್ ಮಾಸ್ಕಿನದು ಬೇರೆ ಕಥೆ. ಅದು ಒಂದನೇ ವರ್ಗದ ವೈದ್ಯಕೀಯ ಸಾಧನ. ಸ್ಟೆರೈಲ್ ಅಂತ ಮಾರದಿದ್ದರೆ ತಯಾರಕನೇ ಘೋಷಿಸಿಕೊಂಡು ಬರೀ ಸಿಇ ಹಾಕಬಹುದು. ನಿಮ್ಮ ನೀಲಿ ಡಬ್ಬದ ಮೇಲೆ ಅಂಕಿ ಇಲ್ಲದಿರೋದು ತಪ್ಪಲ್ಲ, ಹಾಗೇ ಇರಬೇಕು.

ಬೆಳ್ಳಿಚುಕ್ಕಿ
ಅಯ್ಯೋ! ನೀಲಿದರಲ್ಲಿ ನಂಬರಿಲ್ಲ ಅಂತ ಅದನ್ನೇ ವಾಪಸ್ ಕಳಿಸೋಣ ಅಂದ್ಕೊಂಡಿದ್ದೆ.

ಮೂಗುದಾರ
ಕಳಿಸಬೇಡಿ, ನೆಂಟರು ನೆಗಡಿ ಹಿಡ್ಕೊಂಡು ಬಂದ್ರೆ ಅವರಿಗೆ ಕೊಡಿ. ಆದರೆ ಅಪ್ಪನಿಗೆ ಡಾಕ್ಟರು ಹೇಳಿದ್ದು ಅದಲ್ಲ.

ನೂರಕ್ಕೆನೂರು
ಸರ್, ನನ್ನ 99ಕ್ಕೆ ಉತ್ತರ ಬರಲಿಲ್ಲ.

ನೀಲಿಗೌನು
ನಾನು ಆಪರೇಷನ್ ಥಿಯೇಟರಿನಲ್ಲಿ ನರ್ಸ್. ಅದಕ್ಕೆ ನಾನು ಹೇಳ್ತೀನಿ, ಮೂಗುದಾರ ಸರ್ ಆಮೇಲೆ ತಿದ್ದಲಿ.

ಬಿಎಫ್‌ಇಯಲ್ಲಿ ಬ್ಯಾಕ್ಟೀರಿಯಾ ಇರೋ ಹನಿಗಳನ್ನ ಮಾಸ್ಕಿನ ಬಟ್ಟೆ ಮೇಲೆ ಬಿಟ್ಟು ಎಷ್ಟು ದಾಟ್ತು ಅಂತ ಎಣಿಸ್ತಾರೆ. ಆ ಹನಿಗಳು ಸರಾಸರಿ 3 ಮೈಕ್ರಾನ್. ಎನ್95 ಪರೀಕ್ಷೆಯಲ್ಲಿ ಬಿಡೋದು ಉಪ್ಪಿನ ಕಣ, ಸುಮಾರು 0.3 ಮೈಕ್ರಾನ್, ನಿಮಿಷಕ್ಕೆ 85 ಲೀಟರ್ ಗಾಳಿ ಎಳೆದು. ಹತ್ತು ಪಟ್ಟು ಸಣ್ಣ ಕಣ, ಜೋರು ಗಾಳಿ. ಏಳನೇ ಕ್ಲಾಸಲ್ಲಿ 99 ತಗೊಂಡ ಹುಡುಗನ್ನೂ ಪಿಯುಸಿಯಲ್ಲಿ 95 ತಗೊಂಡ ಹುಡುಗೀನೂ ಪಕ್ಕಪಕ್ಕ ನಿಲ್ಲಿಸಿ ಯಾರು ಜಾಣರು ಅಂತ ಕೇಳಿದ ಹಾಗಾಯ್ತು ನಿಮ್ಮ ಪ್ರಶ್ನೆ.

ನಮ್ಮ ಮಾಸ್ಕ್ ಇರೋದು ನಮ್ಮ ಬಾಯಿಂದ ಹನಿ ರೋಗಿಯ ಗಾಯಕ್ಕೆ ಬೀಳದಿರಲಿ ಅಂತ. ಆ 2ಆರ್‌ನ ಆರ್ ಅಂದ್ರೆ ರಕ್ತ ಚಿಮ್ಮಿದ್ರೆ ಒಳಗೆ ಬರಬಾರದು ಅಂತ. ಮೂಗಿನ ಪಕ್ಕ ಗಾಳಿ ನುಗ್ಗುತ್ತಾ ಅಂತ ಆ ಮಾನದಂಡದಲ್ಲಿ ಯಾರೂ ನೋಡಲ್ಲ.

ನೂರಕ್ಕೆನೂರು
ಒಪ್ಪಿದೆ ಮೇಡಂ. ಆದರೆ ನನ್ನ ಹತ್ರ ಇರೋ ಅಮೆರಿಕದ ಸರ್ಜಿಕಲ್ ಮಾಸ್ಕ್ ಡಬ್ಬದಲ್ಲಿ ಪಿಎಫ್‌ಇ 98, 0.1 ಮೈಕ್ರಾನ್ ಅಂತ ಇದೆ. 0.1 ಅಂದ್ರೆ 0.3ಕ್ಕಿಂತ ಸಣ್ಣದು. ಈಗ ಹೇಳಿ!

ನೀಲಿಗೌನು
ಇದು ನನಗೆ ಗೊತ್ತಿಲ್ಲ. ಸರ್?

ಮೂಗುದಾರ
ಒಳ್ಳೇ ಪ್ರಶ್ನೆ ಕೇಳಿದ್ರಿ, ಇಲ್ಲಿ ಬಹಳ ಜನ ಬೀಳ್ತಾರೆ. ಜರಡಿ ಥರ ಯೋಚಿಸ್ತೀವಿ, ಕಣ ಸಣ್ಣದಾದಷ್ಟೂ ಸುಲಭವಾಗಿ ದಾಟುತ್ತೆ ಅಂತ. ಮಾಸ್ಕ್ ಜರಡಿ ಅಲ್ಲ. ಒಳಗಿರೋ ಮೆಲ್ಟ್‌ಬ್ಲೋನ್ ಪದರದ ಎಳೆಗಳಿಗೆ ವಿದ್ಯುತ್ ಆವೇಶ ತುಂಬಿರ್ತಾರೆ. ಬಾಚಣಿಗೆ ಕಾಗದದ ಚೂರನ್ನ ಎಳ್ಕೊಳ್ಳುತ್ತಲ್ಲ, ಹಾಗೆ ಕಣಗಳನ್ನ ಎಳ್ಕೊಳ್ಳುತ್ತೆ. ಕಣದ ಮೇಲೂ ಆವೇಶ ಇದ್ರೆ ಇನ್ನೂ ಸಲೀಸು.

ಎನ್95 ಪರೀಕ್ಷೆಯಲ್ಲಿ ಕಣಗಳ ಆವೇಶವನ್ನ ಮೊದಲೇ ತಟಸ್ಥ ಮಾಡಿ ಕಳಿಸ್ತಾರೆ, ಅಂದ್ರೆ ಫಿಲ್ಟರಿಗೆ ಕಷ್ಟ ಕೊಡ್ತಾರೆ. ಸರ್ಜಿಕಲ್ ಮಾಸ್ಕಿನ ಪಿಎಫ್‌ಇ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಹಾಗೆ ಮಾಡಲ್ಲ, ಗಾಳಿಯ ವೇಗವೂ ಕಡಿಮೆ. ಅದಕ್ಕೇ 0.1 ಅಂತ ಬರೆದಿದ್ರೂ ಅಂಕಿ ಚೆನ್ನಾಗಿ ಬರುತ್ತೆ. ಆ 98 ಸುಳ್ಳಲ್ಲ, ಬೇರೆ ಪರೀಕ್ಷೆಯ 98. ಮೇಡಂ ಹೇಳಿದ ಏಳನೇ ಕ್ಲಾಸಿನ ಉದಾಹರಣೆ ಇಲ್ಲೂ ನಡೆಯುತ್ತೆ.

ನೂರಕ್ಕೆನೂರು
ಸೋತೆ. ಹೆಸರು ಬದಲಾಯಿಸ್ಕೋತೀನಿ.

ಹುಣಸೆಬೀಜ
ನಾನೂ ಇದೇ ಪ್ರಶ್ನೆ ಕೇಳಬೇಕು ಅಂತಿದ್ದೆ. ಮನೆ ಬಾಗಿಲಿಗೆ ಎಣ್ಣೆ ಬಣ್ಣ ಹೊಡೀತಿದ್ದೀನಿ, ತಲೆ ಸುತ್ತುತ್ತೆ. ಎಫ್‌ಎಫ್‌ಪಿ3 ಹಾಕ್ಕೊಂಡ್ರೂ ವಾಸನೆ ಬರ್ತಿದೆ. ಅಂದ್ರೆ ನನ್ನದೂ ಡೂಪ್ಲಿಕೇಟಾ?

ಮೂಗುದಾರ
ವಾಸನೆ ಬಂದ ಮಾತ್ರಕ್ಕೆ ಡೂಪ್ಲಿಕೇಟ್ ಅಲ್ಲ. ಇವೆಲ್ಲ ತಡೆಯೋದು ಕಣ, ಧೂಳು, ಹನಿ. ಥಿನ್ನರಿನ ಆವಿ ಅನಿಲ, ಅದು ಎಷ್ಟು ಒಳ್ಳೇ ಎಫ್‌ಎಫ್‌ಪಿ3 ಇದ್ರೂ ಒಳಗೆ ಬರುತ್ತೆ. ಅದಕ್ಕೆ ಇದ್ದಿಲು ಇರೋ ಕಾರ್ಟ್ರಿಜ್ ಮಾಸ್ಕ್ ಬೇಕು. ತಲೆ ಸುತ್ತುತ್ತಿದ್ರೆ ಈಗ ಕೆಲಸ ನಿಲ್ಲಿಸಿ ಕಿಟಕಿ ತೆಗೀರಿ, ಮಾಸ್ಕ್ ವಿಷಯ ಆಮೇಲೆ.

ಹುಣಸೆಬೀಜ
ತೆಗೆದೆ. ಬಾಗಿಲು ಅರ್ಧ ಹಸಿರು ಅರ್ಧ ಕಂದು ಇದೆ, ಹಾಗೇ ಇರಲಿ.

ಕಡ್ಡಿಪೈಲ್ವಾನ್
ಎಲ್ಲ ಸರಿ, ನನ್ನ ಮಾತಿಗೆ ಯಾರೂ ಉತ್ತರ ಕೊಡಲಿಲ್ಲ. ಕಿವಿ ಪಟ್ಟಿ ಇದ್ರೆ ನಕಲಿ ಅಂತ ಅಮೆರಿಕದ ಸರ್ಕಾರವೇ ಹೇಳಿದೆ. ಚೈನಾ ಎಕ್ಸ್‌ಪೋರ್ಟ್ ಅಂತೂ ಎಲ್ಲರಿಗೂ ಗೊತ್ತಿರೋದೇ.

ಮೂಗುದಾರ
ಪೈಲ್ವಾನ್ರೇ, ನಿಮ್ಮ ಮೊದಲನೇ ಮಾತು ಅರ್ಧ ಸರಿ. ಎನ್95 ಅನ್ನೋದಕ್ಕೆ ಮಾನ್ಯತೆ ಕೊಡೋದು ಅಮೆರಿಕದ ನಯೋಶ್. ಎನ್95 ಅಂತ ಬರೆದು ಕಿವಿ ಪಟ್ಟಿ ಇದ್ರೆ ನಕಲಿ ಇರಬಹುದು ಅಂತ ಅವರೇ ಎಚ್ಚರಿಸಿದ್ದಾರೆ. ಆದರೆ ಆ ನಿಯಮವನ್ನ ಎಫ್‌ಎಫ್‌ಪಿ2ಗೂ ಕೆಎನ್95ಗೂ ಹಚ್ಚಬೇಡಿ. ಅವುಗಳಲ್ಲಿ ಕಿವಿ ಪಟ್ಟಿ ಇರೋ ಅಸಲಿ ಮಾಲು ಬೇಕಾದಷ್ಟಿದೆ. ಬಿಗಿಯಾಗಿ ಕೂರೋದು ತಲೆ ಪಟ್ಟಿಯಲ್ಲೇ ಜಾಸ್ತಿ ಅನ್ನೋದು ನನ್ನ ಅನುಭವ, ಆದರೆ ಅದು ಅಸಲಿ ನಕಲಿ ಪ್ರಶ್ನೆಯಲ್ಲ.

ಚೈನಾ ಎಕ್ಸ್‌ಪೋರ್ಟ್ ಅನ್ನೋ ಗುರುತು ಎಲ್ಲೂ ಇಲ್ಲ. ಅಂಥದ್ದೊಂದು ಇರೋದು ತಮಗೆ ಗೊತ್ತಿಲ್ಲ ಅಂತ ಯುರೋಪಿಯನ್ ಕಮಿಷನ್ನೇ ಹೇಳಿದೆ. ಅಕ್ಷರಗಳ ಅಂತರಕ್ಕೆ ನಿಯಮ ಇರೋದು ನಿಜ. ಸಿ ಅಕ್ಷರವನ್ನ ಪೂರ್ತಿ ವೃತ್ತ ಮಾಡಿ ನೋಡಿ, ಅದರ ಅಂಚು ಇ ಅಕ್ಷರದ ವೃತ್ತದ ಒಳಗೆ ಸ್ವಲ್ಪ ಹೋಗಬೇಕು. ಎರಡೂ ಅಂಟಿಕೊಂಡ ಹಾಗಿದ್ರೆ ಯಾರೋ ಕಾಳಜಿ ಇಲ್ಲದೆ ಕಾಪಿ ಹೊಡೆದಿದ್ದಾರೆ ಅಂತ ಅರ್ಥ. ಆದರೆ ಅಳತೆ ಸರಿಯಿದ್ದ ಮಾತ್ರಕ್ಕೆ ಅಸಲಿ ಆಗಲ್ಲ. ನಕಲಿ ಮಾಡೋನಿಗೂ ಕಂಪ್ಯೂಟರ್ ಇದೆ.

ಕಡ್ಡಿಪೈಲ್ವಾನ್
ಹಾಗಾದ್ರೆ ನಾನು ಹೇಳಿದ್ದು ಸರೀನೇ ಆಯ್ತಲ್ಲ, ಹತ್ತಿರ ಇದ್ರೆ ಮೋಸ.

ಸುಮ್ನೆಓದುಗ
ಪೈಲ್ವಾನ್ ಬಿದ್ರೂ ಮೀಸೆ ಮಣ್ಣಾಗಲಿಲ್ಲ.

ಲೆಕ್ಕದಮೇಷ್ಟ್ರು
ಮೊದಲ ಡಬ್ಬದ ಕೊನೇ ಸಾಲನ್ನ ಯಾರೂ ಮುಟ್ಟಲಿಲ್ಲ. ಜಿಬಿ 2626, ಚೀನಾದ ಮಾನದಂಡ, ಕೆಎನ್95 ಬರೋದು ಇದರಿಂದಲೇ. ಆ ಮಟ್ಟಿಗೆ ಡಬ್ಬ ಸರಿಯಾದ ಕಾಗದ ತೋರಿಸಿದೆ. ಆದರೆ 2006 ಅಂತ ಇದೆ. ಅದರ ಜಾಗಕ್ಕೆ 2019ರ ಆವೃತ್ತಿ ಬಂದಿದೆ, ಜಾರಿ ಮುಂದೂಡಿ ಕೊನೆಗೆ 2021ರ ಜುಲೈ 1ರಿಂದ ಶುರುವಾಯ್ತು. ಅದಕ್ಕೂ ಮೊದಲು ಮಾಡಿದ ಮಾಸ್ಕಾದ್ರೆ 2006 ಇರಬಹುದು. ಡಬ್ಬದ ತಳದಲ್ಲಿ ತಯಾರಿಕೆ ದಿನಾಂಕ ಏನಿದೆ ನೋಡಿ ಹೇಳಿ ತಾಯಿ.

ಬೆಳ್ಳಿಚುಕ್ಕಿ
ನೋಡಿದೆ ಮೇಷ್ಟ್ರೇ. 2023 ಮಾರ್ಚ್.

ಲೆಕ್ಕದಮೇಷ್ಟ್ರು
ಅಂದರೆ ಹೊಸದು ಜಾರಿಗೆ ಬಂದು ಒಂದೂವರೆ ವರ್ಷ ದಾಟಿದ ಮೇಲೂ ಹಳೇದನ್ನ ಒತ್ತಿದ್ದಾರೆ. ಒಂದೋ ಹಳೇ ಡಬ್ಬದ ಡಿಸೈನ್ ಹಾಗೇ ಮುದ್ರಿಸಿದ್ದಾರೆ, ಇಲ್ಲ ದಿನಾಂಕವೇ ಸುಳ್ಳು. ಎರಡರಲ್ಲಿ ಯಾವುದಾದರೂ ಅಪ್ಪನ ಮುಖಕ್ಕೆ ಹಾಕೋ ವಸ್ತು ಅಲ್ಲ.

ಜಾಲಿಮರ
ಎಫ್‌ಡಿಎ ಅಂತ ಇದೆಯಲ್ಲ, ಅದು ದೊಡ್ಡ ವಿಷಯ ಅಲ್ವಾ? ನಾನು ತಗೊಂಡಿದ್ದರ ಜೊತೆ ಎಫ್‌ಡಿಎ ಸರ್ಟಿಫಿಕೇಟೂ ಕೊಟ್ಟಿದ್ರು, ಹದ್ದಿನ ಚಿತ್ರ, ಚಿನ್ನದ ಅಂಚು.

ಲೆಕ್ಕದಮೇಷ್ಟ್ರು
ಎಫ್‌ಡಿಎ ನೋಂದಣಿಗೆ ಸರ್ಟಿಫಿಕೇಟ್ ಕೊಡೋದೇ ಇಲ್ಲ. ಕಂಪನಿ ತನ್ನ ಹೆಸರು, ತಾನು ಮಾಡೋ ಸಾಧನ ಪಟ್ಟಿಗೆ ಸೇರಿಸುತ್ತೆ, ಅಷ್ಟೇ ನೋಂದಣಿ. ಅದು ಒಪ್ಪಿಗೆ ಅಲ್ಲ ಅಂತ ಅವರೇ ಸಾರಿ ಸಾರಿ ಹೇಳ್ತಾರೆ. ತಮ್ಮ ಲೋಗೊ ಖಾಸಗಿಯವರು ಡಬ್ಬದ ಮೇಲೆ ಒತ್ತೋ ಹಾಗಿಲ್ಲ ಅಂತಾನೂ ಹೇಳಿದ್ದಾರೆ. ಹದ್ದು, ಚಿನ್ನದ ಅಂಚು ಎಲ್ಲ ಯಾರದೋ ಪ್ರಿಂಟರಿನಿಂದ ಬಂದಿದ್ದು.

ಜಾಲಿಮರ
ಅದಕ್ಕೆ ಫ್ರೇಮ್ ಹಾಕಿಸಿಬಿಟ್ಟಿದ್ದೆ 😐

ಬೆಳ್ಳಿಚುಕ್ಕಿ
ತಮ್ಮ ಈಗ ಮೂರನೇದೊಂದು ಹುಡುಕಿ ಲಿಂಕ್ ಕಳಿಸಿದ್ದಾನೆ, ಇನ್ನೂ ತರಿಸಿಲ್ಲ. ಇದು ಎನ್95 ಅಂತೆ. ಫೋಟೊದಲ್ಲಿ ಮಾಸ್ಕಿನ ಮೇಲೆ ಹೀಗಿದೆ (ಕೊನೇ ಅಂಕಿಗಳನ್ನ ನಾನೇ ಮುಚ್ಚಿದ್ದೀನಿ, ಯಾರದೋ ನಂಬರು ಇಲ್ಲಿ ಹರಡೋದು ಬೇಡ ಅಂತ):

```
NIOSH   N95
TC-84A-####
```

ತಲೆ ಪಟ್ಟಿ ಎರಡು ಇದೆ, ಪೈಲ್ವಾನ್ ಸರ್ ಸಮಾಧಾನ ಆಗಬಹುದು. ಮಧ್ಯಕ್ಕೆ ಮಡಚೋ ಥರದ್ದು.

ಕಡ್ಡಿಪೈಲ್ವಾನ್
ತಗೊಳ್ಳಿ, ಕಣ್ಣು ಮುಚ್ಕೊಂಡು.

ಮೂಗುದಾರ
ನೀವು ಎಷ್ಟು ಸಲ ಕಣ್ಣು ಮುಚ್ಕೋತೀರಿ ಪೈಲ್ವಾನ್ರೇ! ಇದಕ್ಕೆ ಕಣ್ಣು ತೆರೀಬೇಕು.

ಎನ್95ರಲ್ಲಿ ಇರೋ ಒಂದು ಸೌಲಭ್ಯ ಅಂದ್ರೆ ಆ ಟಿಸಿ ನಂಬರು. ನಯೋಶ್ ತಾನು ಮಾನ್ಯತೆ ಕೊಟ್ಟ ಎಲ್ಲವನ್ನೂ ಸಾರ್ವಜನಿಕ ಪಟ್ಟಿಯಲ್ಲಿ ಹಾಕಿದೆ. ಮೇಡಂ, ನೀವು ಪೂರ್ತಿ ನಂಬರು ಅಲ್ಲಿ ಹುಡುಕಿ ಮೂರು ವಿಷಯ ತಾಳೆ ನೋಡಿ. ನಂಬರು ಪಟ್ಟಿಯಲ್ಲಿದೆಯಾ, ಅದು ಯಾವ ಕಂಪನಿಯದ್ದು, ಯಾವ ಮಾಡೆಲ್. ನಂಬರು ಇದೆ ಅಂತಷ್ಟೇ ನೋಡಿ ಬಿಟ್ರೆ ಸಾಲದು. ನಕಲಿ ಮಾಡೋರು ನಂಬರು ಹುಟ್ಟಿಸಲ್ಲ, ಕದೀತಾರೆ.

ಇನ್ನೊಂದು ಏನಂದ್ರೆ, ಮಾಸ್ಕಿನ ಮೇಲೆ ನಯೋಶ್, ಎನ್95, ಟಿಸಿ ನಂಬರು ಮಾತ್ರ ಇದ್ರೆ ಸಾಲದು. ಕಂಪನಿ ಹೆಸರು ಅಥವಾ ಗುರುತು, ಮಾಡೆಲ್ ನಂಬರು ಎರಡೂ ಅಲ್ಲೇ ಇರಬೇಕು. ನೀವು ಬರೆದಿದ್ದರಲ್ಲಿ ಅವೆರಡೂ ಕಾಣ್ತಿಲ್ಲ.

ಬೆಳ್ಳಿಚುಕ್ಕಿ
ಹುಡುಕಿದೆ. ನಂಬರು ಪಟ್ಟಿಯಲ್ಲಿದೆ! ಆದರೆ ಅದು ಬೇರೆ ಕಂಪನಿಯ ಬಟ್ಟಲಿನ ಆಕಾರದ ಮಾಸ್ಕಿಗೆ ಸೇರಿದ್ದು. ಆ ಕಂಪನಿಯ ಪುಟದಲ್ಲಿ ಫೋಟೊ ಇದೆ, ಗಟ್ಟಿ ಬಟ್ಟಲು. ತಮ್ಮ ಕಳಿಸಿದ್ದು ಮಡಚೋದು. ಮಾರೋರ ಹೆಸರೂ ಬೇರೆ.

ಮೂಗುದಾರ
ಮುಗೀತು. ಬೇರೆಯವರ ಕಾರಿನ ನಂಬರ್ ಪ್ಲೇಟ್ ಸ್ಕೂಟರಿಗೆ ಹಾಕಿದ್ದಾರೆ.

ಲೆಕ್ಕದಮೇಷ್ಟ್ರು
ಸಣ್ಣ ತಿದ್ದುಪಡಿ. ಒಬ್ಬರು ಮಾನ್ಯತೆ ಪಡೆದ ಮಾಸ್ಕನ್ನ ಇನ್ನೊಬ್ಬರು ತಮ್ಮ ಬ್ರ್ಯಾಂಡಿನಲ್ಲಿ ಮಾರೋದು ಕಾನೂನುಬದ್ಧವಾಗೇ ಇದೆ. ಹೆಸರು ಬೇರೆ ಅಂತ ಒಂದೇ ಕಾರಣಕ್ಕೆ ನಕಲಿ ಅನ್ನಬಾರದು. ಇಲ್ಲಿ ಆಕಾರವೂ ಬೇರೆ, ಆದ್ದರಿಂದ ನಿಮ್ಮ ತೀರ್ಪು ಸರಿ.

ಮೂಗುದಾರ
ಒಪ್ಪಿದೆ ಮೇಷ್ಟ್ರೇ. ಹಾಗೆ ಮಾರುವಾಗಲೂ ಅದು ನಯೋಶ್‌ಗೆ ಗೊತ್ತಿರಬೇಕು ಅನ್ನೋದನ್ನ ಸೇರಿಸ್ತೀನಿ.

ಕೊಡೆಹಿಡಿ
ಇಷ್ಟೆಲ್ಲ ಯಾಕೆ? ಮಾಸ್ಕ್ ಹಾಕ್ಕೊಂಡು ಮೇಣದ ಬತ್ತಿ ಊದಿ. ಆರದಿದ್ರೆ ಅಸಲಿ. ಇಲ್ಲಾಂದ್ರೆ ನೀರು ಹಾಕಿ, ಸೋರದಿದ್ರೆ ಅಸಲಿ.

ನೀಲಿಗೌನು
ನಮ್ಮ ಸರ್ಜಿಕಲ್ ಮಾಸ್ಕೂ ನೀರು ಸೋರಲ್ಲ ಸಾರ್. ಹೊರಗಿನ ಪದರ ನೀರು ಒಳಬಿಡಲ್ಲ ಅಂತ ಮಾತ್ರ ಅದರಿಂದ ಗೊತ್ತಾಗುತ್ತೆ.

ಮೂಗುದಾರ
ಮೇಣದ ಬತ್ತಿಯೂ ಅಷ್ಟೇ. ದಪ್ಪ ಪ್ಲಾಸ್ಟಿಕ್ ಹಾಳೆ ಹಾಕ್ಕೊಂಡು ಊದಿದ್ರೂ ದೀಪ ಆರಲ್ಲ. 0.3 ಮೈಕ್ರಾನ್ ಕಣ ಎಷ್ಟು ದಾಟ್ತು ಅಂತ ಅಡುಗೆಮನೆಯಲ್ಲಿ ಅಳೆಯೋಕಾಗಲ್ಲ. ಅದಕ್ಕೇ ಗುರುತು, ನಂಬರು, ಕಾಗದ ಅಂತ ಇಷ್ಟು ಒದ್ದಾಡೋದು.

ಸುಮ್ನೆಓದುಗ
ಮೇಣದ ಬತ್ತಿ ಊದಿ ಮಾಸ್ಕ್ ಸುಟ್ಕೊಂಡೋರು ಯಾರೂ ಇಲ್ವಾ ಇಲ್ಲಿ? ನಾನೊಬ್ನೇನಾ?

ಜಾಲಿಮರ
ಐಎಸ್‌ಐ ಗುರುತಿನ ಮಾಸ್ಕ್ ನಡೆಯುತ್ತಾ? ಅದರ ಮೇಲೂ ಎಫ್‌ಎಫ್‌ಪಿ2 ಅಂತಾನೇ ಇರುತ್ತೆ.

ಲೆಕ್ಕದಮೇಷ್ಟ್ರು
ಇರುತ್ತೆ. ಐಎಸ್ 9473 ಅನ್ನೋದು ಆ ದರ್ಜೆಯದ್ದು, 16289 ಸರ್ಜಿಕಲ್ ಮಾಸ್ಕಿನದು. ಇಲ್ಲೂ ಅದೇ ಆಟ, ಐಎಸ್‌ಐ ಗುರುತು ಕಂಡ ತಕ್ಷಣ ಖುಷಿಪಡಬಾರದು, ಪಕ್ಕದ ಮಾನದಂಡದ ಅಂಕಿ ಯಾವುದು ನೋಡಬೇಕು. ಜೊತೆಗೆ ಸಿಎಂ/ಎಲ್ ಅಂತ ಶುರುವಾಗೋ ಲೈಸೆನ್ಸ್ ನಂಬರು ಇರುತ್ತೆ, ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದ್ರೆ ಯಾರಿಗೆ ಕೊಟ್ಟಿದ್ದು ಅಂತ ತೋರಿಸುತ್ತೆ.

ಬೆಳ್ಳಿಚುಕ್ಕಿ
ಎಲ್ಲರಿಗೂ ಥ್ಯಾಂಕ್ಸ್. ಎರಡು ದಿನ ಬಿಟ್ಟು ಬಂದೆ. ಈ ಸಲ ನಾನೇ ಹುಡುಕಿದೆ, ತಮ್ಮನಿಗೆ ರಜಾ ಕೊಟ್ಟೆ. ಮಾರೋರಿಗೆ ಡಬ್ಬದ ಫೋಟೊ ಬೇಡ, ಮಾಸ್ಕಿನದ್ದೇ ಹತ್ತಿರದಿಂದ ತೆಗೆದು ಕಳಿಸಿ ಅಂದೆ. ಕಳಿಸಿದ್ರು:

```
FFP2 NR D
EN 149:2001+A1:2009
CE ####
```

ಪಕ್ಕದಲ್ಲಿ ಕಂಪನಿ ಹೆಸರು, ಮಾಡೆಲ್ ಇದೆ. ಸಿಇ ಪಕ್ಕ ನಾಲ್ಕಂಕಿಯೂ ಇದೆ, ನಾನೇ ಮುಚ್ಚಿದ್ದು. ಎನ್‌ಆರ್, ಡಿ ಅಂದ್ರೇನು?

ಮೂಗುದಾರ
ಇದು ನೋಡೋಕೆ ಸರಿಯಾಗಿದೆ. ಎನ್‌ಆರ್ ಅಂದ್ರೆ ಒಂದು ಪಾಳಿ ಬಳಸಿ ಬಿಸಾಕೋದು. ಡಿ ಇದ್ರೆ ಡಾಲಮೈಟ್ ಕಲ್ಲಿನ ಪುಡಿ ತುಂಬಿಸಿ ಪರೀಕ್ಷೆ ಮಾಡಿದ್ದಾರೆ, ಧೂಳು ಕಟ್ಟಿಕೊಂಡ್ರೂ ಉಸಿರಾಡೋದು ತೀರಾ ಕಷ್ಟ ಆಗಲ್ಲ ಅಂತ. ಅದು ಕಡ್ಡಾಯ ಅಲ್ಲ, ಇದ್ರೆ ಸಂತೋಷ. ಡಬ್ಬದ ಮೇಲೆ ಮರಳುಗಡಿಯಾರದ ಚಿತ್ರದ ಪಕ್ಕ ಬಾಳಿಕೆ ಮುಗಿಯೋ ಕಾಲ, ಎಷ್ಟು ಬಿಸಿ, ಎಷ್ಟು ತೇವದಲ್ಲಿ ಇಡಬಹುದು ಅನ್ನೋ ಚಿತ್ರಗಳೂ ಇರಬೇಕು.

ಈಗ ಆ ನಾಲ್ಕಂಕಿ. ಅದನ್ನ ಯುರೋಪಿಯನ್ ಕಮಿಷನ್ನಿನ ನ್ಯಾಂಡೊ ಪಟ್ಟಿಯಲ್ಲಿ ಹುಡುಕಿ. ಹೆಸರು ಸಿಕ್ಕ ಮೇಲೆ ಅಲ್ಲಿಗೇ ನಿಲ್ಲಬೇಡಿ. ಆ ಸಂಸ್ಥೆಗೆ ಯಾವ ಯಾವ ಕಾನೂನಿನಡಿ ಅಧಿಕಾರ ಇದೆ ಅಂತ ಅಲ್ಲೇ ಇರುತ್ತೆ. 2016/425 ಅಂತ ಇದ್ರೆ ರಕ್ಷಣಾ ಸಾಧನ. ಕೆಲವರಿಗೆ ಯಂತ್ರಕ್ಕೋ ಆಟಿಕೆಗೋ ಮಾತ್ರ ಅಧಿಕಾರ ಇರುತ್ತೆ. ಹಿಂದೆ ನಮ್ಮ ಖರೀದಿ ವಿಭಾಗದವರು ಹೀಗೇ ಒಂದು ಲೋಡ್ ತರಿಸಿದ್ರು. ನಂಬರು ನಿಜ, ಸಂಸ್ಥೆ ನಿಜ, ಕಾಗದದ ಮೇಲೆ ಮುದ್ರೆಯೂ ನಿಜ. ಆದರೆ ಆ ಸಂಸ್ಥೆಗೆ ಮಾಸ್ಕ್ ಪರೀಕ್ಷಿಸೋ ಅಧಿಕಾರವೇ ಇರಲಿಲ್ಲ. ಆ ಡಬ್ಬಗಳೆಲ್ಲ ಗೋದಾಮಿನಲ್ಲಿ ಧೂಳು ಹಿಡೀತಾ ಕೂತ್ವು. ಧೂಳು ತಡೆಯೋ ಮಾಸ್ಕೇ!

ಬೆಳ್ಳಿಚುಕ್ಕಿ
ನೋಡಿದೆ. ಸಂಸ್ಥೆ ಇದೆ, 2016/425 ಇದೆ, ಉಸಿರಾಟದ ಸಾಧನ ಅಂತಾನೂ ಬರೆದಿದೆ. ಮಾರೋರನ್ನ ಕೇಳಿ ಸರ್ಟಿಫಿಕೇಟೂ ತರಿಸ್ಕೊಂಡೆ, ಮಾಡೆಲ್ ನಂಬರು ತಾಳೆ ಆಗುತ್ತೆ. ಆದರೆ ಸರ್ಟಿಫಿಕೇಟಿನಲ್ಲಿರೋ ಕಂಪನಿ ಹೆಸರಿಗೂ ಮಾಸ್ಕಿನ ಮೇಲಿನ ಹೆಸರಿಗೂ ಸ್ವಲ್ಪ ವ್ಯತ್ಯಾಸ. ಮೊದಲ ಪದ ಒಂದೇ, ಎರಡನೇ ಪದ ಬೇರೆ.

ಲೆಕ್ಕದಮೇಷ್ಟ್ರು
ಒಂದೇ ಗುಂಪಿನ ಇನ್ನೊಂದು ಕಂಪನಿ ಇರಬಹುದು, ಇಲ್ಲದೆಯೂ ಇರಬಹುದು. ಸರ್ಟಿಫಿಕೇಟ್ ಕೊಟ್ಟ ಸಂಸ್ಥೆಗೇ ಮೇಲ್ ಹಾಕಿ, ಸರ್ಟಿಫಿಕೇಟ್ ನಂಬರು ಬರೆದು. ಬಹಳ ಸಂಸ್ಥೆಗಳು ಇಂಥದ್ದಕ್ಕೆ ಉತ್ತರ ಕೊಡ್ತವೆ.

ಕಡ್ಡಿಪೈಲ್ವಾನ್
ಇಷ್ಟು ಸಾಕ್ಷಿ ಸಿಕ್ಕ ಮೇಲೂ ಅನುಮಾನವಾ? ಫೋಟೊ ಸರಿಯಿದೆ, ನಂಬರು ಸರಿಯಿದೆ.

ಮೂಗುದಾರ
ಫೋಟೊದಿಂದ ಕೆಟ್ಟದ್ದನ್ನ ಹಿಡೀಬಹುದು, ಒಳ್ಳೇದು ಅಂತ ಸಾಬೀತು ಮಾಡೋಕಾಗಲ್ಲ. ಅವರು ಕಳಿಸಿದ ಫೋಟೊದಲ್ಲಿರೋ ಮಾಸ್ಕೇ ಡಬ್ಬದಲ್ಲಿ ಬರುತ್ತೆ ಅಂತ ಏನು ಗ್ಯಾರಂಟಿ? ಬಂದ ಮೇಲೆ ಮೇಡಂ ಮತ್ತೆ ತಾಳೆ ನೋಡಬೇಕು.

ಅಸಲಿ ಬಂದ್ರೂ ಮುಖಕ್ಕೆ ಕೂರದಿದ್ರೆ ವ್ಯರ್ಥ. ಎಫ್‌ಎಫ್‌ಪಿ2ಗೆ ಮಾನ್ಯತೆ ಕೊಡೋ ಮೊದಲು ಹತ್ತು ಜನರಿಗೆ ಹಾಕಿಸಿ ಒಳಗೆ ಎಷ್ಟು ಸೋರುತ್ತೆ ಅಂತ ಅಳೀತಾರೆ. ಹತ್ತರಲ್ಲಿ ಕನಿಷ್ಠ ಎಂಟು ಜನರಿಗೆ ಸರಾಸರಿ ಸೋರಿಕೆ ಶೇಕಡಾ 8 ದಾಟಬಾರದು. ಉಳಿದಿಬ್ಬರ ಪೈಕಿ ನಿಮ್ಮಪ್ಪನ ಮುಖ ಇದ್ರೆ ಡಬ್ಬದ ಮೇಲಿನ ಯಾವ ಅಕ್ಷರವೂ ಅದನ್ನ ಹೇಳಲ್ಲ.

ಕೊಡೆಹಿಡಿ
ಉಸಿರು ಬಿಡೋ ವಾಲ್ವ್ ಇರೋದು ತಗೊಳ್ಳಿ ಅಕ್ಕ, ವಯಸ್ಸಾದೋರಿಗೆ ಆರಾಮ.

ನೀಲಿಗೌನು
ಅವರಪ್ಪನ ರಕ್ಷಣೆಗೆ ವಾಲ್ವ್ ಇದ್ರೂ ದರ್ಜೆ ಬದಲಾಗಲ್ಲ, ಎಫ್‌ಎಫ್‌ಪಿ2 ಎಫ್‌ಎಫ್‌ಪಿ2ನೇ. ಆದರೆ ಅವರು ಬಿಟ್ಟ ಉಸಿರು ಶೋಧಿಸದೆ ಹೊರಗೆ ಹೋಗುತ್ತೆ. ಆಸ್ಪತ್ರೆಗೆ ಹಾಕ್ಕೊಂಡು ಹೋದ್ರೆ ಬಾಗಿಲಲ್ಲೇ ಬೇರೆ ಹಾಕಿ ಅನ್ನಬಹುದು. ಅವರಿಗೆ ಉಸಿರಾಟದ ತೊಂದರೆ ಇರೋದ್ರಿಂದ ಯಾವುದು ಹಾಕಿದ್ರೆ ಉಸಿರು ಕಟ್ಟಲ್ಲ ಅಂತ ಡಾಕ್ಟರನ್ನೇ ಒಂದು ಸಲ ಕೇಳಿಬಿಡಿ.

ಬೆಳ್ಳಿಚುಕ್ಕಿ
ಡಬ್ಬ ಬಂತು. ಮಾಸ್ಕಿನ ಮೇಲೆ ಅದೇ ಅಕ್ಷರ, ಅದೇ ಅಂಕಿ. ಮರಳುಗಡಿಯಾರವೂ ಇದೆ. ವಾಲ್ವ್ ಇಲ್ಲದ್ದೇ ಸಾಕು, ಉಸಿರು ಕಟ್ಟಿದ ಹಾಗಾದ್ರೆ ತೆಗೆದುಬಿಡಲಿ ಅಂದ್ರು ಡಾಕ್ಟರು. ಅಪ್ಪ ಹಾಕ್ಕೊಂಡು ಪೇಪರ್ ಓದೋಕೆ ಕೂತ್ರು, ಕನ್ನಡಕದ ಮೇಲೆಲ್ಲ ಮಂಜು. ಸಂಸ್ಥೆಗೆ ಮೇಲ್ ಹಾಕಿ ನಾಲ್ಕು ದಿನ ಆಯ್ತು, ಉತ್ತರ ಬಂದಿಲ್ಲ.

ಮೂಗುದಾರ
ಮಂಜು ಬರ್ತಿದ್ರೆ ಮೂಗಿನ ಮೇಲೆ ಸೋರ್ತಿದೆ. ತಂತಿಯನ್ನ ಎರಡು ಬೆರಳಲ್ಲಿ ಚಿವುಟಬೇಡಿ, ಅದು ಮಧ್ಯೆ ಚೂಪಾಗಿ ಎದ್ದು ಎರಡೂ ಪಕ್ಕ ಸಂದು ಬಿಡುತ್ತೆ. ಎರಡೂ ಕೈಯ ಬೆರಳಿಟ್ಟು ಮಧ್ಯದಿಂದ ಕೆನ್ನೆ ಕಡೆಗೆ ಒತ್ತಿಕೊಂಡು ಬನ್ನಿ. ಅಪ್ಪನಿಗೆ ಗಡ್ಡ ಇದೆಯಾ?

ಬೆಳ್ಳಿಚುಕ್ಕಿ
ಇದೆ ಸರ್. ನಲವತ್ತು ವರ್ಷದ ಗಡ್ಡ.

ಮೂಗುದಾರ
ಅಂಚು ಚರ್ಮದ ಮೇಲೆ ಕೂರಬೇಕು, ಕೂದಲ ಮೇಲೆ ಅಲ್ಲ.

ಬೆಳ್ಳಿಚುಕ್ಕಿ
ಅಪ್ಪನಿಗೆ ಹೇಳಿದೆ. ಡಾಕ್ಟರು ಗಡ್ಡದ ಬಗ್ಗೆ ಏನೂ ಬರೆದುಕೊಟ್ಟಿಲ್ಲವಲ್ಲ ಅಂದ್ರು. ಅಮ್ಮ ಕತ್ತರಿ ಹುಡುಕ್ತಿದ್ದಾರೆ.

ಹುಣಸೆಬೀಜ
ಬಾಗಿಲಿನ ಉಳಿದರ್ಧಕ್ಕೆ ಕಾರ್ಟ್ರಿಜ್ ಮಾಸ್ಕ್ ತಂದೆ. ಕಾರ್ಟ್ರಿಜ್ ಮೇಲೆ ಕಂದು ಪಟ್ಟಿ ಇದೆ, ಎ1 ಅಂತ ಬರೆದಿದೆ. ಇದು ಥಿನ್ನರಿಗೆ ಆಗುತ್ತಾ, ಇಲ್ಲ ಹೊಸ ಚರ್ಚೆ ಶುರು ಮಾಡ್ಲಾ?

ಮೂಗುದಾರ
ಆಗುತ್ತೆ, ಕಂದು ಅಂದ್ರೆ ಸಾವಯವ ದ್ರಾವಕದ ಆವಿಗೇ. ಹೊಸ ಚರ್ಚೆ ಶುರು ಮಾಡಿ, ಆದರೆ ಕಿಟಕಿ ಮುಚ್ಚಬೇಡಿ.